ಕೋಡ್ ಕೇಳಬೇಡಿ, ಕಾರಣ ಕೇಳಿ

ಕೆಜಿಎಫ್‌ನಲ್ಲಿ ಚಿನ್ನದ ಗಣಿ ಮುಚ್ಚಿದ್ದು 2001ರಲ್ಲಿ. ಬೆಮೆಲ್ ಕಾರ್ಖಾನೆ ಮಾತ್ರ ಇನ್ನೂ ನಡೀತಾ ಇದೆ. ಬುಲ್ಡೋಜರ್, ಡಂಪರ್ ಅನ್ನೋ ಮಾತು ಅಲ್ಲಿಂದ ಬಂಗಾರಪೇಟೆವರೆಗೆ ಮನೆಮಾತು. ಹಾಗಾಗಿ ಅಲ್ಲೊಬ್ಬ ಸಣ್ಣ ವರ್ಕ್‌ಶಾಪ್ ಮಾಲೀಕ ಮೊದಲ ಸಲ ವಿದೇಶದಿಂದ ಡಂಪರ್ ಬಿಡಿಭಾಗ ತರಿಸ್ತಿದ್ದಾನೆ ಅಂದ್ಕೊಳ್ಳಿ. ಕಸ್ಟಮ್ಸ್ ಬ್ರೋಕರ್‌ಗೆ ಅವನು ಕಳಿಸೋ ವಾಟ್ಸಾಪ್ ಮೆಸೇಜ್ ಹೇಗಿರುತ್ತೆ ಅಂತ ನಾನು ಈಗಲೇ ಹೇಳಬಲ್ಲೆ: “ಅಣ್ಣಾ, ಡಂಪರ್ ಪಾರ್ಟು ಬರ್ತಾ ಐತೆ. ಡ್ಯೂಟಿ ಕಮ್ಮಿ ಬರೋ ಕೋಡ್ ಹಾಕ್ಬಿಡಿ.”

ನನ್ನ ತಕರಾರು ಇರೋದೇ ಈ ಪ್ರಶ್ನೆಯ ಮೇಲೆ. ವಸ್ತು ಏನು ಅನ್ನೋದೇ ಇದರಲ್ಲಿಲ್ಲ. ಡಂಪರ್ ಪಾರ್ಟು ಅಂದರೆ ಟಿಪ್ಪರ್ ಬಕೆಟ್ ಎತ್ತೋ ಹೈಡ್ರಾಲಿಕ್ ಸಿಲಿಂಡರ್ರೂ ಆಗಬಹುದು, ಬ್ರೇಕೂ ಆಗಬಹುದು, ರಬ್ಬರ್ ಸೀಲೂ ಆಗಬಹುದು. ಮೂರಕ್ಕೂ ಮೂರು ದಾರಿ.

ಸಿಲಿಂಡರನ್ನೇ ತಗೊಳ್ಳಿ. ಗಾಡಿ ಬಿಡಿಭಾಗ ತಾನೇ ಅಂತ 8708ಕ್ಕೆ ಹಾಕಿದರೆ ಮೂಲ ಸುಂಕ ಸಾಮಾನ್ಯವಾಗಿ ಶೇ. 15. ಆದರೆ ಸುಂಕ ಪಟ್ಟಿಯ ಗಾಡಿಗಳ ವಿಭಾಗದ ಶುರುವಿನಲ್ಲೇ ಒಂದು ಟಿಪ್ಪಣಿ ಇದೆ: 8401ರಿಂದ 8479ರವರೆಗಿನ ಯಂತ್ರಗಳು ಗಾಡಿಯಲ್ಲಿ ಕೂತರೂ ಗಾಡಿಯ ಬಿಡಿಭಾಗ ಅನಿಸಿಕೊಳ್ಳಲ್ಲ (ರೇಡಿಯೇಟರ್ ಮಾತ್ರ ಇದಕ್ಕೆ ಹೊರತು). ಎಣ್ಣೆಯ ಒತ್ತಡದಿಂದ ನೇರವಾಗಿ ಚಾಚೋ ಸಿಲಿಂಡರ್‌ಗೆ 84122100 ಅಂತ ತನ್ನದೇ ಜಾಗ ಇದೆ, ಅಲ್ಲಿ ಸುಂಕ ಶೇ. 7.5. ಹತ್ತು ಲಕ್ಷದ ಸರಕಿನ ಮೇಲೆ ಮೂಲ ಸುಂಕದಲ್ಲೇ 75,000 ರೂಪಾಯಿ ವ್ಯತ್ಯಾಸ. ಅದರ ಮೇಲಿನ ಹತ್ತು ಪರ್ಸೆಂಟ್ ಸರ್‌ಚಾರ್ಜ್, ಜಿಎಸ್‌ಟಿ ಬೇರೆ. ಅದೇ ಸಿಲಿಂಡರ್ ಬುಲ್ಡೋಜರ್‌ಗೆ ಹೋದರೂ 8412ರಲ್ಲೇ ಇರುತ್ತೆ. ಅಂದ್ರೆ ‘ಯಾವುದಕ್ಕೆ ಹಾಕ್ತೀರಿ’ ಅನ್ನೋದಕ್ಕಿಂತ ಮೊದಲು ‘ಇದು ಏನು’ ಅಂತ ಕೇಳಬೇಕು.

ಇಲ್ಲಿ ಕಮ್ಮಿ ಸುಂಕದ ಕೋಡೇ ಸರಿ ಆಯ್ತಲ್ಲ, ಇನ್ನೇನು ಅಂತೀರಾ? ಸರಿ ಆಗಿದ್ದು ಆಕಸ್ಮಿಕ. ಮುಂದಿನ ಸಲ ಬ್ರೇಕ್ ಬಂದಾಗ ಇದೇ ಧೈರ್ಯದಲ್ಲಿ ಅದನ್ನೂ ಯಂತ್ರ ಅಂತ ತೋರಿಸಿದರೆ ಸಿಕ್ಕಿಬೀಳ್ತೀರಿ. ಬ್ರೇಕ್ ಇರೋದು 8708ರಲ್ಲೇ.

ಟಿಪ್ಪಣಿ ಓದಿದ ಮಾತ್ರಕ್ಕೂ ಎಲ್ಲ ಮುಗಿಯಲ್ಲ. ರೈಲ್ವೆ ಸಿಗ್ನಲ್‌ಗಂತಲೇ ಮಾಡಿದ ರಿಲೇಗಳು ಎಲೆಕ್ಟ್ರಿಕಲ್ ಸಾಮಾನೋ, ಸಿಗ್ನಲ್ ಉಪಕರಣದ ಭಾಗವೋ ಅಂತ ವೆಸ್ಟಿಂಗ್‌ಹೌಸ್ ಸ್ಯಾಕ್ಸ್‌ಬಿ ಫಾರ್ಮರ್ ಕಂಪನಿಯ ಜಗಳ ಸುಪ್ರೀಂ ಕೋರ್ಟ್‌ವರೆಗೆ ಹೋಯ್ತು. 2021ರಲ್ಲಿ ಕೋರ್ಟ್ ಬಳಕೆಗೆ ತೂಕ ಕೊಟ್ಟು ಕಂಪನಿ ಪರ ತೀರ್ಪು ಕೊಟ್ಟಿತು. ಅದನ್ನೇ ಹಿಡ್ಕೊಂಡು ಎಲ್ಲಾ ವಾಹನ ಬಿಡಿಭಾಗಕ್ಕೂ ಅನ್ವಯಿಸಬೇಡಿ, ಒಂದೊಂದನ್ನೂ ಅದರದ್ದೇ ವಿವರದ ಮೇಲೆ ನೋಡಿ ಅಂತ ಕಸ್ಟಮ್ಸ್ ಬೋರ್ಡ್ 2022ರ ಜನವರಿಯಲ್ಲಿ ತನ್ನ ಅಧಿಕಾರಿಗಳಿಗೆ ಸೂಚನೆ ಕಳಿಸಿತು. ಇಷ್ಟು ಗೊಂದಲ ಇರೋ ಜಾಗದಲ್ಲಿ ಒಂದು ಸಾಲಿನ ಮೆಸೇಜಿಗೆ ಎಂಟಂಕಿ ಉತ್ತರ ಕೇಳೋದು ಅನ್ಯಾಯ ಕಣ್ರೀ.

ಬ್ರೋಕರ್‌ಗಳ ಕಡೆಯಲ್ಲೂ ತಪ್ಪಿಲ್ಲ ಅಂತಲ್ಲ. “ಎಲ್ರೂ ಇದರಲ್ಲೇ ಬಿಡಿಸ್ಕೊಳ್ತಾರೆ ಸಾರ್” ಅನ್ನೋದು ಉತ್ತರವೇ ಅಲ್ಲ. 2018ರ ಬ್ರೋಕರ್ ನಿಯಮಗಳ ಪ್ರಕಾರ ಗಿರಾಕಿಗೆ ಕೊಡೋ ಮಾಹಿತಿ ಸರಿ ಇದೆಯಾ ಅಂತ ಶ್ರದ್ಧೆಯಿಂದ ಪರೀಕ್ಷಿಸೋದು ಅವರ ಕರ್ತವ್ಯ. ಆದರೆ 2011ರಿಂದ ಸುಂಕವನ್ನ ಆಮದುದಾರರೇ ಲೆಕ್ಕ ಹಾಕಿ ಘೋಷಿಸಬೇಕು. ಬಿಲ್ ಆಫ್ ಎಂಟ್ರಿಯನ್ನ ಅವರು ಫೈಲ್ ಮಾಡಿದ್ರೂ ಅದರಲ್ಲಿರೋದು ನಿಮ್ಮ ಮಾತು. ಸುಂಕ ಕಮ್ಮಿ ಕಟ್ಟಿದ್ದೀರಿ ಅಂತ ಸಾಮಾನ್ಯವಾಗಿ ಎರಡು ವರ್ಷದೊಳಗೆ ನೋಟಿಸ್ ಬರಬಹುದು. ಬೇಕಂತಲೇ ಮುಚ್ಚಿಟ್ಟಿದ್ದೀರಿ ಅಂದರೆ ಐದು ವರ್ಷ ಹಿಂದಿನದಕ್ಕೂ ಬರುತ್ತೆ, ಬಡ್ಡಿ, ದಂಡ ಸಮೇತ. ಆಗ ಆ ವಾಟ್ಸಾಪ್ ಮೆಸೇಜು ನಿಮ್ಮ ವಿರುದ್ಧದ ಸಾಕ್ಷಿಯಾಗುತ್ತೆ.

ಹಾಗಾದ್ರೆ ಹೇಗೆ ಕೇಳಬೇಕು? ತಯಾರಕರ ಡ್ರಾಯಿಂಗ್, ಪಾರ್ಟ್ ನಂಬರ್, ಯಾವ ಲೋಹ ಅಥವಾ ರಬ್ಬರ್, ಹೇಗೆ ಕೆಲಸ ಮಾಡುತ್ತೆ, ಬೇರೆ ಯಂತ್ರಕ್ಕೂ ಕೂರುತ್ತಾ, ಇವಿಷ್ಟು ಇಮೇಲ್‌ನಲ್ಲಿ ಕಳಿಸಿ. ಆಮೇಲೆ ಕೋಡ್ ಬದಲು ಕಾರಣ ಕೇಳಿ: ಯಾವ ಟಿಪ್ಪಣಿಯಿಂದ ಇದಕ್ಕೆ ಬಂದಿರಿ, ಇನ್ಯಾವ ಕೋಡ್ ಪರಿಶೀಲಿಸಿ ಬಿಟ್ಟಿರಿ, ಯಾಕೆ ಬಿಟ್ಟಿರಿ. ಎರಡನೇ ಪ್ರಶ್ನೆಗೆ ತಡವರಿಸಿದರೆ ಅವರು ಹಳೇ ಬಿಲ್ ನೋಡಿ ಬರೆದಿದ್ದಾರೆ ಅಂತ ಅರ್ಥ. ಇಂಗ್ಲಿಷ್ ಇನ್‌ವಾಯ್ಸ್‌ನಲ್ಲಿ ‘ಡಂಪರ್ ಸ್ಪೇರ್’ ಅಂತಷ್ಟೇ ಬರೆಯೋ ಸಪ್ಲೈಯರ್‌ಗೂ ಸಿಲಿಂಡರ್ ಅಂತ ಬರೆಯೋಕೆ ಹೇಳಿ.

ಇದೆಲ್ಲ ಸರಕು ಹಡಗು ಹತ್ತೋ ಮುಂಚೆ ಆಗಬೇಕು. ಚೆನ್ನೈ ಬಂದರಿನಿಂದ ರೈಲಲ್ಲಿ ಹೊರಟ ಕಂಟೈನರ್ ಬಂಗಾರಪೇಟೆ ಸ್ಟೇಷನ್ ದಾಟಿ ವೈಟ್‌ಫೀಲ್ಡ್ ಡಿಪೋ ಸೇರುತ್ತೆ. ಮನೆ ಮುಂದೆಯೇ ಹೋದ ಮಾಲು ಅಲ್ಲಿ ಸುಂಕ ಕಟ್ಟಿದ ಮೇಲೆ ಲಾರಿಯಲ್ಲಿ ವಾಪಸ್ ಬರಬೇಕು. ಕೋಡ್ ಜಗಳ ಅಲ್ಲಿ ಶುರುವಾದರೆ ದಿನಕ್ಕಿಷ್ಟು ಅಂತ ಡಿಪೋ ಬಾಡಿಗೆ ಏರ್ತಾ ಹೋಗುತ್ತೆ. ಮತ್ತೆ ಮತ್ತೆ ತರಿಸೋ ವಸ್ತುವಾದರೆ, ಬ್ರೋಕರ್‌ಗೂ ಖಾತ್ರಿ ಇಲ್ಲದಿದ್ದರೆ, ಅಡ್ವಾನ್ಸ್ ರೂಲಿಂಗ್ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಶುಲ್ಕ 10,000 ರೂಪಾಯಿ, ಮೂರು ತಿಂಗಳಲ್ಲಿ ಉತ್ತರ ಕೊಡಬೇಕು ಅಂತ ಕಾನೂನು. ಬಂದ ಉತ್ತರ ನಿಮ್ಮನ್ನೂ ಕಟ್ಟಿಹಾಕುತ್ತೆ, ಕಸ್ಟಮ್ಸ್‌ನವರನ್ನೂ.