ಪ್ರಶ್ನೆಯೇ ಇಲ್ಲದ ಎಲೆಯ ಫೋಟೋ: ಕಳಿಸಿದವರು ಕೇಳುತ್ತಿರುವುದಾದರೂ ಏನು?

ಮುದುಡಿದ ಮೆಣಸಿನ ಎಲೆಯೊಂದರ ಫೋಟೋ ವಾಟ್ಸಾಪಿನಲ್ಲಿ ಬರುತ್ತದೆ. ಜೊತೆಗೆ ಒಂದು ಅಕ್ಷರವೂ ಇರುವುದಿಲ್ಲ. ಬಳ್ಳಾರಿ ತಾಲ್ಲೂಕಿನ ರೂಪನಗುಡಿಯಂಥ ಊರುಗಳ ಸುತ್ತ ಮೆಣಸಿನಕಾಯಿ, ಹತ್ತಿ ಬೆಳೆಯುವವರಲ್ಲಿ ಇದು ತೀರಾ ಸಾಮಾನ್ಯ. ಫೋಟೋ ಹೋಗುವುದು ಔಷಧದ ಅಂಗಡಿಯವರಿಗೆ, ರೈತ ಸಂಪರ್ಕ ಕೇಂದ್ರದವರಿಗೆ ಅಥವಾ ಕೃಷಿ ಓದಿದ ನೆಂಟರ ಹುಡುಗನಿಗೆ. ನೋಡಿದವರು ಸಾಮಾನ್ಯವಾಗಿ ಒಂದು ಔಷಧದ ಹೆಸರು ಬರೆದು ಕಳಿಸಿಬಿಡುತ್ತಾರೆ. ಎಷ್ಟೋ ಸಲ ತಪ್ಪುವುದು ಇಲ್ಲಿಯೇ. ರೋಗ ಗುರುತಿಸುವುದಕ್ಕೂ ಮುಂಚೆ, ಕೇಳದೆ ಬಿಟ್ಟ ಪ್ರಶ್ನೆ ಯಾವುದು ಎಂದು ಊಹಿಸಬೇಕು.

ಒಂದೇ ಫೋಟೋ, ಮೂರು ಪ್ರಶ್ನೆ

ಮೊದಲನೆಯದು ಎಲ್ಲರಿಗೂ ಹೊಳೆಯುವ ಪ್ರಶ್ನೆ: "ಇದೇನು, ಏನು ಹೊಡೀಬೇಕು?" ಎಲೆ ಕೆಟ್ಟಿದ್ದನ್ನು ಈಗಷ್ಟೇ ಕಂಡವರು ಕೇಳುವುದು ಇದನ್ನೇ. ಬೇರೆ ಯಾವ ಸುಳಿವೂ ಇಲ್ಲದಿದ್ದರೆ ಇದನ್ನೇ ಊಹಿಸುವುದು ಸರಿ.

ಎರಡನೆಯದು, "ಹೊಡೆದೆ, ಆದರೂ ಯಾಕೆ ಕಡಿಮೆಯಾಗಿಲ್ಲ?" ಫೋಟೋದ ಮೂಲೆಯಲ್ಲಿ ಔಷಧದ ಡಬ್ಬಿ ಕಂಡರೆ, ಎಲೆಯ ಮೇಲೆ ಔಷಧ ಒಣಗಿದ ಬಿಳಿ ಕಲೆಗಳಿದ್ದರೆ, ಅಥವಾ ಅದೇ ವ್ಯಕ್ತಿ ಹತ್ತು ದಿನದ ಹಿಂದೆ ಇಂಥದ್ದೇ ಫೋಟೋ ಕಳಿಸಿದ್ದರೆ ಪ್ರಶ್ನೆ ಬಹುತೇಕ ಇದೇ ಆಗಿರುತ್ತದೆ.

ಮೂರನೆಯದು, "ಇದು ಯಾರಿಂದ ಆಯಿತು?" ಕಳಪೆ ಬೀಜವೇ, ನಕಲಿ ಔಷಧವೇ, ಪಕ್ಕದ ಹೊಲದವರು ಹೊಡೆದದ್ದು ಗಾಳಿಗೆ ಬಂತೇ ಎಂಬ ಅನುಮಾನ ಇದರ ಹಿಂದಿರುತ್ತದೆ. ಒಂದು ಎಲೆಯ ಬದಲು ಸಾಲುಸಾಲು ಗಿಡಗಳ ಅಥವಾ ಬದುವಿನ ಪಕ್ಕದ ಭಾಗದ ಫೋಟೋ ಬಂದರೆ ಈ ದಿಕ್ಕಿನಲ್ಲಿ ಯೋಚಿಸಬೇಕು. ಚೆನ್ನಾಗಿರುವ ಎಲೆಯನ್ನೂ ಕೆಟ್ಟ ಎಲೆಯನ್ನೂ ಪಕ್ಕಪಕ್ಕ ಇಟ್ಟು ತೆಗೆದಿದ್ದರೂ ಹಾಗೆಯೇ.

ಮೊದಲ ಪ್ರಶ್ನೆಗೆ ಔಷಧದ ಹೆಸರು ಉತ್ತರವಾಗಬಹುದು. ಉಳಿದ ಎರಡಕ್ಕೆ ಅದು ಉತ್ತರವೇ ಅಲ್ಲ.

"ಮುಟುರು" ಒಂದೇ ರೋಗವಲ್ಲ

ಮೆಣಸಿನ ಎಲೆ ಮುದುಡಿದರೆ ಎಲ್ಲರೂ ಹೇಳುವುದು ಮುಟುರು ರೋಗ ಎಂದೇ. ಆದರೆ ಈ ಹೆಸರಿನಡಿ ಕನಿಷ್ಠ ಮೂರು ಬೇರೆ ಬೇರೆ ತೊಂದರೆಗಳಿವೆ.

ಎಲೆಯ ಅಂಚು ಮೇಲಕ್ಕೆ ಮಡಚಿ ದೋಣಿಯಂತಾದರೆ ಅದು ಸಾಮಾನ್ಯವಾಗಿ ಥ್ರಿಪ್ಸ್ ನುಸಿಯ ಕೆಲಸ. ಅಂಚು ಕೆಳಕ್ಕೆ ಮಡಚಿ, ಎಲೆ ಕಿರಿದಾಗಿ, ತೊಟ್ಟು ಉದ್ದವಾದರೆ ಮೈಟ್ ನುಸಿ. ಎಲೆ ಚಿಕ್ಕದಾಗಿ ಹಳದಿ ತಿರುಗಿ, ನರಗಳು ದಪ್ಪವಾಗಿ, ಗಿಡ ಕುಳ್ಳಾಗಿ ಪೊದೆಯಂತಾದರೆ ಬಿಳಿ ನೊಣ ಹರಡುವ ನಂಜುರೋಗ, ಅಂದರೆ ವೈರಸ್ ಇರಬಹುದು.

ಹೆಸರು ಒಂದೇ ಆದರೂ ಮದ್ದು ಬೇರೆ. ಥ್ರಿಪ್ಸ್ ಕೀಟ. ಮೈಟ್ ಎಂಟು ಕಾಲಿನ, ಜೇಡದ ಬಳಗದ ಜೀವಿ. ಥ್ರಿಪ್ಸಿಗೆಂದು ಮಾರುವ ಹಲವು ಕೀಟನಾಶಕಗಳು ಮೈಟ್ ಮೇಲೆ ಕೆಲಸ ಮಾಡುವುದಿಲ್ಲ. ಸಿಂಥೆಟಿಕ್ ಪೈರೆಥ್ರಾಯ್ಡ್ ಗುಂಪಿನ ಔಷಧಗಳು ಮೈಟನ್ನು ತಿನ್ನುವ ಉಪಕಾರಿ ಜೀವಿಗಳನ್ನು ಕೊಂದು, ಮೈಟ್ ಇನ್ನಷ್ಟು ಹೆಚ್ಚುವಂತೆ ಮಾಡಬಲ್ಲವು. ಮೈಟಿಗೆ ಬೇಕಾದದ್ದು ಗಂಧಕ ಅಥವಾ ಮೈಟ್‌ನಾಶಕ. ಇನ್ನು ನಂಜು ತಗಲಿದ ಗಿಡವನ್ನು ಯಾವ ಔಷಧವೂ ಗುಣಪಡಿಸುವುದಿಲ್ಲ. ಅಂಥ ಗಿಡಗಳನ್ನು ಆರಂಭದಲ್ಲೇ ಕಿತ್ತು, ಬಿಳಿ ನೊಣವನ್ನು ಹತೋಟಿಯಲ್ಲಿಡುವುದೇ ದಾರಿ.

ಒಂದು ಉದಾಹರಣೆ ನೋಡೋಣ

ರೂಪನಗುಡಿಯ ಒಬ್ಬ ರೈತರು ಅಂಗೈ ಮೇಲೆ ಒಂದು ಮೆಣಸಿನ ಎಲೆ ಇಟ್ಟು ಫೋಟೋ ಕಳಿಸಿದರು ಎಂದುಕೊಳ್ಳೋಣ. ಎಲೆಯ ಅಂಚು ಮೇಲಕ್ಕೆ ಮಡಚಿದೆ. ಪ್ರಶ್ನೆ ಬರೆದಿಲ್ಲ. ನೋಡಿದ ಕೂಡಲೇ ಥ್ರಿಪ್ಸ್ ಎನ್ನಬಹುದು. ಆದರೆ ಅವರು ವಾರದ ಹಿಂದೆಯೇ ಥ್ರಿಪ್ಸಿಗೆ ಔಷಧ ಹೊಡೆದಿದ್ದರೆ?

ಇಲ್ಲೊಂದು ಸಂಗತಿ ತಿಳಿದಿರಬೇಕು. ಒಮ್ಮೆ ಮುದುಡಿದ ಎಲೆ, ನುಸಿ ಪೂರ್ತಿ ಸತ್ತ ಮೇಲೂ ಬಿಚ್ಚಿಕೊಂಡು ಮೊದಲಿನಂತಾಗುವುದಿಲ್ಲ. ಎಳೆಯದಾಗಿದ್ದಾಗ ರಸ ಹೀರಿದ ಜಾಗದಲ್ಲಿ ಬೆಳವಣಿಗೆ ನಿಂತುಹೋಗಿರುತ್ತದೆ. ಹಾಗಾಗಿ ಔಷಧ ಕೆಲಸ ಮಾಡಿದೆಯೋ ಇಲ್ಲವೋ ಎಂಬುದನ್ನು ಹಳೆಯ ಎಲೆ ಹೇಳಲಾರದು. ಹೊಡೆದ ನಂತರ ತುದಿಯಲ್ಲಿ ಬಂದ ಹೊಸ ಎಲೆಗಳನ್ನು ನೋಡಬೇಕು. ಅವು ಚಪ್ಪಟೆಯಾಗಿ, ಹಸಿರಾಗಿ ಬರುತ್ತಿದ್ದರೆ ಔಷಧ ಕೆಲಸ ಮಾಡಿದೆ. ಇದು ತಿಳಿಯದೆ ಹಳೆಯ ಎಲೆಯ ಫೋಟೋ ನೋಡಿ ಇನ್ನೊಂದು ಔಷಧ ಬರೆದುಕೊಟ್ಟರೆ ರೈತರ ದುಡ್ಡು ದಂಡ. ಜೊತೆಗೆ ನುಸಿಗೆ ಔಷಧ ತಡೆದುಕೊಳ್ಳುವ ಶಕ್ತಿಯೂ ಬೆಳೆಯುತ್ತದೆ.

ಇಂಥ ಆತುರಕ್ಕೆ ಕಾರಣವೂ ಇದೆ. 2021ರ ಹಂಗಾಮಿನಲ್ಲಿ ಆಂಧ್ರ, ತೆಲಂಗಾಣ, ಕರ್ನಾಟಕದ ಮೆಣಸಿನ ಹೊಲಗಳಿಗೆ ಕಪ್ಪು ಥ್ರಿಪ್ಸ್ ನುಗ್ಗಿತ್ತು. ಹೂವಿನೊಳಗೆ ಸೇರಿ ಹೂ ಉದುರಿಸುವ ಈ ಜಾತಿ ಭಾರತದಲ್ಲಿ ಮೊದಲು ವರದಿಯಾದದ್ದು 2015ರಲ್ಲಿ, ಬೆಂಗಳೂರಿನ ಪಪ್ಪಾಯಿ ಗಿಡಗಳ ಮೇಲೆ. ಆ ನಷ್ಟ ಕಂಡವರಿಗೆ ಒಂದು ಎಲೆ ಮುದುಡಿದರೂ ಗಾಬರಿಯಾಗುವುದು ಸಹಜ.

ಹಾಗಾದರೆ ಉತ್ತರ ಹೇಗಿರಬೇಕು? ಕಂಡದ್ದನ್ನು ಹೇಳಿ, ಊಹೆಯನ್ನು ಊಹೆ ಎಂದೇ ಹೇಳಿ, ದಾರಿ ಕವಲಾಗುವ ಒಂದೇ ಪ್ರಶ್ನೆ ಕೇಳಬೇಕು: "ಅಣ್ಣಾ, ಎಲಿ ಮೇಲಕ್ಕ ಮಡಚ್ಯದ, ಥ್ರಿಪ್ಸ್ ಇರಬಹುದು ಅನಿಸ್ತದ. ಈಗಾಗ್ಲೇ ಏನಾದ್ರೂ ಹೊಡ್ದೀರೇನು, ಯಾವಾಗ? ತುದಿ ಎಲಿದೊಂದು, ಎಲಿ ಕೆಳಗಿನ ಮೈದೊಂದು ಫೋಟೋ ಕಳಸ್ರಿ." ಎಂಟು ಪ್ರಶ್ನೆಗಳ ಪಟ್ಟಿ ಕಳಿಸಿದರೆ ಹೊಲದಲ್ಲಿ ನಿಂತವರು ಉತ್ತರಿಸುವುದಿಲ್ಲ. ಏನನ್ನೂ ಊಹಿಸದೆ "ಏನು ಬೇಕಿತ್ತು?" ಎಂದಷ್ಟೇ ಕೇಳಿದರೆ, ಕಳಿಸಿದವರಿಗೆ ಗೊತ್ತಿಲ್ಲದ್ದನ್ನು ಅವರನ್ನೇ ಕೇಳಿದಂತಾಗುತ್ತದೆ.

ಔಷಧವೇ ಬೇಡದ ಎಲೆ

ಮೂರನೆಯ ಪ್ರಶ್ನೆಗೆ ಹತ್ತಿ ಒಳ್ಳೆಯ ಉದಾಹರಣೆ. ಬಳ್ಳಾರಿ, ಸಿರುಗುಪ್ಪ ಭಾಗದಲ್ಲಿ ಕಾಲುವೆ ನೀರಿನ ಭತ್ತವೂ ಉಂಟು, ಹತ್ತಿಯೂ ಉಂಟು. ಭತ್ತ, ಜೋಳದಂಥ ಬೆಳೆಗಳಲ್ಲಿ ಕಳೆ ಸಾಯಿಸಲು ಬಳಸುವ 2,4-ಡಿ ಕಳೆನಾಶಕ ಹತ್ತಿಗೆ ಅತಿ ಸೂಕ್ಷ್ಮ ಪ್ರಮಾಣದಲ್ಲಿ ತಾಗಿದರೂ ಸಾಕು, ಹೊಸ ಎಲೆಗಳು ಕಿರಿದಾಗಿ, ಬೆರಳು ಚಾಚಿದಂತೆ, ಬೆಂಡೆ ಎಲೆಯ ಹಾಗೆ ಸೀಳಿಕೊಂಡು ಬರುತ್ತವೆ. ನೋಡಿದವರು ವೈರಸ್ ಎಂದುಕೊಳ್ಳುತ್ತಾರೆ.

ವ್ಯತ್ಯಾಸ ತಿಳಿಯಲು ಹೊಲದ ಉದ್ದಗಲ ನೋಡಬೇಕು. ಗಾಳಿಗೆ ಬಂದದ್ದಾದರೆ ಒಂದು ಬದುವಿನ ಪಕ್ಕ ಹೆಚ್ಚಿದ್ದು, ಒಳಗೆ ಹೋದಂತೆ ಕಡಿಮೆಯಾಗುತ್ತದೆ. ಸರಿಯಾಗಿ ತೊಳೆಯದ ಪಂಪಿನಿಂದ ಬಂದದ್ದಾದರೆ ಹೊಡೆದ ಸಾಲುಗಳಲ್ಲೆಲ್ಲ ಇದ್ದು, ಹೊಡೆಯದ ಸಾಲು ಚೆನ್ನಾಗಿರುತ್ತದೆ. ನಂಜುರೋಗವಾದರೆ ಆರಂಭದಲ್ಲಿ ಅಲ್ಲೊಂದು ಇಲ್ಲೊಂದು ಗಿಡದಲ್ಲಿ ಕಾಣುತ್ತದೆ. ಇದ್ಯಾವುದೂ ಒಂದು ಎಲೆಯ ಫೋಟೋದಲ್ಲಿ ಇರುವುದಿಲ್ಲ.

ಫೋಟೋ ತೋರಿಸದ್ದು

ಮೆಣಸಿನ ಮೈಟಿನ ಉದ್ದ ಸುಮಾರು 0.2 ಮಿಲಿಮೀಟರ್. ಅದು ಮೊಬೈಲ್ ಕ್ಯಾಮೆರಾಕ್ಕೆ ಸಿಗದು, ಭೂತಗನ್ನಡಿ ಬೇಕು. ಸುಮಾರು 1 ಮಿಲಿಮೀಟರ್ ಇರುವ ಥ್ರಿಪ್ಸನ್ನು ಕಾಣಲು ಗಿಡದ ತುದಿಯನ್ನೋ ಹೂವನ್ನೋ ಬಿಳಿ ಹಾಳೆಯ ಮೇಲೆ ಕೊಡವಿದರೆ ಸಾಕು, ಹರಿದಾಡುವ ಸಣ್ಣ ಗೆರೆಗಳಂತೆ ಕಾಣುತ್ತವೆ. ಹಾಳೆಯ ಮೇಲೆ ಏನೂ ಬೀಳದೆ, ಎಲೆ ಕೆಳಕ್ಕೆ ಮಡಚಿದ್ದರೆ ಮೈಟ್ ಕಡೆ ನೋಡಬೇಕು. ಎರಡೂ ಒಟ್ಟಿಗೆ ಇರುವ ಗಿಡಗಳೂ ಉಂಟು, ಆಗ ಮಡಿಕೆಯ ದಿಕ್ಕು ನೋಡಿ ಹೇಳಿದ್ದು ತಪ್ಪಬಹುದು.

ಫೋಟೋ ಕಳಿಸುವವರು ಮೂರು ಮಾತು ಬರೆದರೂ ಸಾಕು: ಯಾವತ್ತಿನಿಂದ, ಏನು ಹೊಡೆದಿದ್ದೇವೆ, ಎಷ್ಟು ಗಿಡಕ್ಕೆ. ಬರೆಯದಿದ್ದರೆ ಅದನ್ನು ಕೇಳಿ ತಿಳಿದ ನಂತರವೇ ಔಷಧದ ಹೆಸರು ಹೇಳಬೇಕು.