ಹದಿನೈದನೆಯ ತಾರೀಖು ಎಂದರೆ ಯಾವ ರಾತ್ರಿ?

ನಾನು ಬಲ್ಲ ಅಡಿಗೆಯ ತರುಣನೊಬ್ಬನು, ಕುಂದಾಪುರದ ಕಡೆಯವನು, ಏಳು ವರ್ಷ ಮುಂಬಯಿಯ ಒಂದು ಹೋಟೆಲಿನಲ್ಲಿ ದುಡಿದು, ಕೊನೆಗೆ ದುಬಾಯಿಯಲ್ಲಿ ಕೆಲಸ ಗೊತ್ತುಮಾಡಿಕೊಂಡನು. ಟಿಕೇಟಿನಲ್ಲಿ 15ನೆಯ ತಾರೀಖು, ಭಾನುವಾರ, 00:40 ಎಂದಿತ್ತು. ಅವನು ಶನಿವಾರ ರಾತ್ರಿಯ ಪಾಳಿಯನ್ನೂ ಬಿಡದೆ ಮುಗಿಸಿದನು. ಭಾನುವಾರ ಮಧ್ಯಾಹ್ನ ಗೆಳೆಯರೊಡನೆ ಊಟ ಮಾಡಿ, ಯಜಮಾನರ ಕಾಲಿಗೆರಗಿ, ರಾತ್ರಿ 9 ಗಂಟೆಗೆ ಪೆಟ್ಟಿಗೆಯೊಡನೆ ವಿಮಾನ ನಿಲ್ದಾಣದ ಬಾಗಿಲಲ್ಲಿ ನಿಂತನು. ಕಾವಲುಗಾರನು ಕಾಗದವನ್ನು ಎರಡು ಸಲ ಓದಿ ಹಿಂದಿರುಗಿಸಿದನು. ವಿಮಾನವು ಹೋಗಿ ಇಪ್ಪತ್ತು ಗಂಟೆಗಳಾಗಿದ್ದವು.

ಈತನು ಅನಕ್ಷರಸ್ಥನಲ್ಲ, ಅಜಾಗರೂಕನೂ ಅಲ್ಲ. ಹೊರಡುವ ಹೊತ್ತನ್ನು ಓದಿದ್ದನು, ತಾರೀಖನ್ನೂ ಓದಿದ್ದನು. ಎರಡನ್ನೂ ಕೂಡಿಸಿ ಓದುವಾಗ ಎಡವಿದನು. ಈ ತಪ್ಪಿನ ಬೇರು ನಮ್ಮ ದಿನಗಣನೆಯಲ್ಲಿಯೇ ಇದೆಯೆಂದು ನನ್ನ ಅಭಿಪ್ರಾಯ. ಪಂಚಾಂಗದ ಪ್ರಕಾರ ವಾರವು ಸೂರ್ಯೋದಯದಿಂದ ಸೂರ್ಯೋದಯಕ್ಕೆ. ಶನಿವಾರ ರಾತ್ರಿ ಒಂದು ಗಂಟೆ ಎಂದರೆ ನಮಗೆ ಇನ್ನೂ ಶನಿವಾರವೇ. ಹೋಟೆಲು ಮುಚ್ಚಿ ಪಾತ್ರೆ ತೊಳೆದು ಮಲಗುವವನಿಗಂತೂ ಮಲಗಿ ಎದ್ದ ಮೇಲೆಯೇ ಭಾನುವಾರ. ಆದರೆ ಟಿಕೇಟಿನ ದಿನವು ನಡುರಾತ್ರಿ 12 ಗಂಟೆಗೆ ಹುಟ್ಟುತ್ತದೆ. ಆದುದರಿಂದ 15ನೆಯ ತಾರೀಖು 00:40 ಎಂಬುದು 15ನೆಯ ದಿನದ ಕೊನೆಯಲ್ಲ, ಅದರ ತೀರ ಮೊದಲ ಗಳಿಗೆ. ನಾವು ಆಡುವ ಮಾತಿನಲ್ಲಿ ಅದು 14ನೆಯ ತಾರೀಖು ಶನಿವಾರದ ರಾತ್ರಿ.

ಹೀಗಿರಲು ಟಿಕೇಟು ಕೈಗೆ ಬಂದೊಡನೆ ನೋಡಬೇಕಾದದ್ದು ವಿಮಾನವು ಹೊರಡುವ ಹೊತ್ತನ್ನಲ್ಲ, ನಾವು ನಿಲ್ದಾಣದಲ್ಲಿರಬೇಕಾದ ಹೊತ್ತನ್ನು. ಪರದೇಶದ ಪ್ರಯಾಣಕ್ಕೆ 3 ಗಂಟೆ ಮುಂಚಿತವಾಗಿ ಅಲ್ಲಿರುವುದು ರೂಢಿ. 00:40ರಿಂದ 3 ಗಂಟೆ ಹಿಂದಕ್ಕೆ ಎಣಿಸಿದರೆ ನಡುರಾತ್ರಿಯನ್ನು ದಾಟಿ 21:40ಕ್ಕೆ, ಎಂದರೆ ರಾತ್ರಿ 9 ಗಂಟೆ 40 ನಿಮಿಷಕ್ಕೆ ಬರುತ್ತೇವೆ. ಹಾಗೆ ದಾಟುವಾಗ ತಾರೀಖಿನಿಂದಲೂ ಒಂದನ್ನು ಕಳೆಯಬೇಕು: 14, ಶನಿವಾರ. ವಿಮಾನದ ಹೊತ್ತು 02:30 ಇದ್ದರೂ ಇದೇ ಲೆಕ್ಕ. ಆಗಲೂ ಹಿಂದಿನ ದಿನ ರಾತ್ರಿ 11:30ಕ್ಕೆ ನಿಲ್ದಾಣದಲ್ಲಿರಬೇಕು. ಯಜಮಾನರಲ್ಲಿ ರಜೆ ಕೇಳುವುದೂ ಊರಿಗೆ ಸುದ್ದಿ ತಿಳಿಸುವುದೂ ಈ ತಾರೀಖಿಗೇ ಹೊರತು ಟಿಕೇಟಿನ ತಾರೀಖಿಗಲ್ಲ.

ಇನ್ನು ತಲಪುವ ಹೊತ್ತು. ಅದೇ ಕಾಗದದಲ್ಲಿ ದುಬಾಯಿ 02:25 ಎಂದಿತ್ತು. ಹೊರಟದ್ದು 00:40; ಒಂದೂಮುಕ್ಕಾಲು ಗಂಟೆಯಲ್ಲಿ ಸಮುದ್ರ ದಾಟುವುದೇ ಎಂದು ಯಾರಿಗಾದರೂ ಅನಿಸೀತು. ಟಿಕೇಟಿನಲ್ಲಿ ಪ್ರತಿಯೊಂದು ಊರಿನ ಹೊತ್ತನ್ನೂ ಆಯಾ ಊರಿನ ಗಡಿಯಾರದಂತೆ ಬರೆದಿರುತ್ತದೆ. ದುಬಾಯಿಯ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಒಂದೂಮುಕ್ಕಾಲಿಗೆ ಒಂದೂವರೆಯನ್ನು ಕೂಡಿಸಿದರೆ 3 ಗಂಟೆ 15 ನಿಮಿಷ. ಹಾರಾಟದ ನಿಜವಾದ ಅವಧಿ ಅದು. ಮಸ್ಕತ್ತಿಗೂ ಇದೇ ಅಂತರ. ದೋಹಾ, ಕುವೈತ್, ಬಹರೈನ್ ಮತ್ತು ಸೌದಿ ಅರೇಬಿಯಗಳಿಗೆ ಎರಡೂವರೆ ಗಂಟೆ. ಈ ದೇಶಗಳು ಋತುವಿಗೆ ತಕ್ಕಂತೆ ಗಡಿಯಾರ ತಿರುಗಿಸುವುದಿಲ್ಲವಾದ್ದರಿಂದ ಅಂತರ ವರ್ಷವಿಡೀ ಒಂದೇ. ಲಂಡನ್ನಿನ ಮಾತು ಬೇರೆ: ಅಲ್ಲಿ ಮಾರ್ಚಿಯ ಕೊನೆಯ ಭಾನುವಾರದಿಂದ ಅಕ್ಟೋಬರದ ಕೊನೆಯ ಭಾನುವಾರದ ವರೆಗೆ ನಾಲ್ಕೂವರೆ ಗಂಟೆ, ಉಳಿದ ಕಾಲದಲ್ಲಿ ಐದೂವರೆ.

ಊರಿಗೊಂದು ಕಾಲವೆಂಬುದು ಮುಂಬಯಿಗೇನೂ ಹೊಸತಲ್ಲ. 1906ರಲ್ಲಿ ಭಾರತಕ್ಕೆಲ್ಲ ಒಂದೇ ಪ್ರಮಾಣ ಕಾಲ ಬಂದ ಮೇಲೂ ಈ ನಗರವು ಅದಕ್ಕಿಂತ 39 ನಿಮಿಷ ಹಿಂದಿದ್ದ ತನ್ನ ‘ಬಾಂಬೆ ಟೈಮ್’ ಅನ್ನು 1955ರ ತನಕ ಬಿಟ್ಟುಕೊಡಲಿಲ್ಲ. ಅಂದಿನ ಮಂದಿ ಹೊತ್ತು ಕೇಳಿದಾಗ ‘ಯಾವ ಗಡಿಯಾರದ್ದು?’ ಎಂದು ಮರುಪ್ರಶ್ನೆ ಹಾಕಬೇಕಾಗಿದ್ದಿತು. ಆ ಅಭ್ಯಾಸವನ್ನು ನಾವು ಕಳೆದುಕೊಂಡೆವು. ವಿಮಾನದ ಟಿಕೇಟಿನೆದುರು ಅದು ಮತ್ತೆ ಬೇಕಾಗಿದೆ.

ಹಿಂದಿರುಗುವ ಪ್ರಯಾಣದಲ್ಲಿ ಇದೇ ತೊಡಕು ಇನ್ನೊಂದು ವೇಷದಲ್ಲಿ ಬರುತ್ತದೆ. ದುಬಾಯಿಯಿಂದ 14ನೆಯ ತಾರೀಖು 22:15ಕ್ಕೆ ಹೊರಟು ಮುಂಬಯಿಗೆ 02:45ಕ್ಕೆ ತಲಪುವ ವಿಮಾನವೆನ್ನೋಣ. 02:45ರ ತಲೆಯ ಮೇಲೆ ಸಣ್ಣ ಅಕ್ಷರದಲ್ಲಿ +1 ಎಂದಿರುತ್ತದೆ. ಅದು ಮರುದಿನದ ಗುರುತು: ತಲಪುವುದು 15ರಂದು. ಫೋನಿನಲ್ಲಿ ಕಳುಹಿಸಿದ ಚಿತ್ರದಲ್ಲಿ ಈ ಗುರುತು ಕಣ್ಣಿಗೆ ಬೀಳುವುದೇ ಕಷ್ಟ. ‘14ಕ್ಕೆ ಬರುತ್ತೇನೆ’ ಎಂಬ ಒಂದು ಸಾಲಿನ ಸುದ್ದಿಯನ್ನು ನಂಬಿ ಅಣ್ಣನಾದವನು 14ರ ಬೆಳಗಿನ ಜಾವವೇ ನಿಲ್ದಾಣಕ್ಕೆ ಬಂದು ಕಾಯುತ್ತಾನೆ. ತಮ್ಮನು ಅಲ್ಲಿ ಇನ್ನೂ ಪೆಟ್ಟಿಗೆ ಕಟ್ಟಿರುವುದಿಲ್ಲ. ಅಥವಾ 14ರ ರಾತ್ರಿ ಊರಿಗೆ ಹೊರಡುವ ಬಸ್ಸಿನಲ್ಲಿ ಜಾಗ ಹಿಡಿಸಿರುತ್ತಾರೆ. ಬಸ್ಸು ಖಾಲಿ ಆಸನದೊಡನೆ ಹೊರಟುಹೋಗುತ್ತದೆ.

ಗುರುತು ಕಾಣದಿದ್ದರೂ ಲೆಕ್ಕ ನಿಜವನ್ನು ಹೇಳುತ್ತದೆ. 22:15ರಿಂದ 02:45ರ ವರೆಗೆ ನಾಲ್ಕೂವರೆ ಗಂಟೆ. ಪೂರ್ವಕ್ಕೆ ಬರುವಾಗ ಗಡಿಯಾರ ಮುಂದಕ್ಕೆ ಹೋಗುವುದರಿಂದ ಇಲ್ಲಿ ಒಂದೂವರೆಯನ್ನು ಕಳೆಯಬೇಕು. ಉಳಿದದ್ದು 3 ಗಂಟೆ. ಹಾರಾಟದ ಅವಧಿ ಟಿಕೇಟಿನಲ್ಲಿ ಬೇರೆಯಾಗಿ ಕಾಣಿಸಿದ್ದರೆ ಅದರೊಡನೆ ಹೋಲಿಸಿ ನೋಡಿರಿ. ಕೂಡಿಬರದಿದ್ದರೆ ತಾರೀಖನ್ನೋ ಗಡಿಯಾರವನ್ನೋ ತಪ್ಪಾಗಿ ಓದಿದ್ದೀರಿ ಎಂದರ್ಥ.

ನಡುವೆ ವಿಮಾನ ಬದಲಿಸುವ ಊರಿನಲ್ಲಿ ಮಾತ್ರ ಕೂಡುವ ಕಳೆಯುವ ಗೊಡವೆಯಿಲ್ಲ. ದೋಹಾಕ್ಕೆ 23:10ಕ್ಕೆ ಬಂದು ಅಲ್ಲಿಂದ 01:55ಕ್ಕೆ ಹೊರಡುವುದಾದರೆ ಎರಡೂ ಅದೇ ಗಡಿಯಾರದ ಹೊತ್ತು. ಕಾಯಬೇಕಾದದ್ದು ಎರಡೂಮುಕ್ಕಾಲು ಗಂಟೆ. ಆದರೆ ಬರುವುದು 14ಕ್ಕೆ, ಹೊರಡುವುದು 15ಕ್ಕೋ 16ಕ್ಕೋ ಎಂಬುದನ್ನು ಬೆರಳಿಟ್ಟು ನೋಡಬೇಕು. 16 ಎಂದಿದ್ದರೆ ಅದು ಇಪ್ಪತ್ತಾರೂಮುಕ್ಕಾಲು ಗಂಟೆಗಳ ಕಾಯುವಿಕೆ. ಮಲಗಲು ಜಾಗ ಬೇಕು, ಹೊರಗೆ ಕಾಲಿಡಲು ಅನುಮತಿಯೂ ಬೇಕಾದೀತು. ಅಗ್ಗದ ಟಿಕೇಟು ಕಂಡಾಗ ಮೊದಲು ಅನುಮಾನಿಸಬೇಕಾದ ಸ್ಥಳ ಇದೇ.

ತಪ್ಪಿನ ಬೆಲೆ ಸಣ್ಣದಲ್ಲ. ಹೇಳದೆ ಕೇಳದೆ ವಿಮಾನ ತಪ್ಪಿಸಿಕೊಂಡವನಿಗೆ ಹಣ ಹಿಂದಿರುಗುವುದು ಅಪರೂಪ. ಹೋಗಿಬರುವ ಟಿಕೇಟಾದರೆ ಬರುವ ಪ್ರಯಾಣವನ್ನೂ ಸಾಮಾನ್ಯವಾಗಿ ರದ್ದು ಮಾಡುತ್ತಾರೆ. ವೀಸಾದ ಗಡುವು ಯಾರಿಗಾಗಿಯೂ ನಿಲ್ಲುವುದಿಲ್ಲ. ಇಷ್ಟನ್ನೆಲ್ಲ ಬಡ ಉದ್ಯೋಗಾಕಾಂಕ್ಷಿಯ ತಲೆಗೆ ಕಟ್ಟಿ, ದಲ್ಲಾಳಿಗಳು ‘ಟಿಕೇಟಿನಲ್ಲಿ ಸ್ಪಷ್ಟವಾಗಿ ಬರೆದಿದೆಯಲ್ಲ’ ಎಂದು ಕೈತೊಳೆದುಕೊಳ್ಳುವುದು ನ್ಯಾಯವೇ? ಸಾವಿರಾರು ರೂಪಾಯಿ ಕೈಬದಲಾಗುವ ವ್ಯವಹಾರದಲ್ಲಿ ಟಿಕೇಟಿನ ಮೇಲ್ಭಾಗದಲ್ಲಿ ಒಂದು ಸಾಲನ್ನು ಬರೆದುಕೊಡಲು ಶಾಯಿಯ ಕೊರತೆಯೇನೂ ಇಲ್ಲ: ‘14ನೆಯ ತಾರೀಖು, ಶನಿವಾರ ರಾತ್ರಿ 9:40ಕ್ಕೆ ನಿಲ್ದಾಣದಲ್ಲಿರತಕ್ಕದ್ದು.’ ಅವರು ತಾವಾಗಿ ಬರೆಯದಿದ್ದರೆ ಹಣ ಎಣಿಸುವ ಮೊದಲು ಎದುರಿಗೇ ಬರೆಸಿಕೊಳ್ಳಬೇಕು.

ಆ ತರುಣನು ಸಾಲ ಮಾಡಿ ಮೂರು ವಾರಗಳ ಮೇಲೆ ಎರಡನೆಯ ಟಿಕೇಟು ತೆಗೆದನು. ಅದರಲ್ಲಿಯೂ ಹೊತ್ತು 00:40 ಎಂದೇ ಇತ್ತು. ಹಿಂದಿನ ದಿನದ ಸಂಜೆ 6 ಗಂಟೆಗೇ ಅವನು ನಿಲ್ದಾಣದ ಹೊರಗೆ ಪೆಟ್ಟಿಗೆಯ ಮೇಲೆ ಕುಳಿತಿದ್ದನೆಂದು ಕೇಳಿದೆ.