25% ಕಡಿಮೆ ಕ್ಯಾನ್ಸರ್? ಆ ಲೆಕ್ಕ ಒಮ್ಮೆ ಬಿಡಿಸಿ ನೋಡೋಣ

"ಆರ್ಗ್ಯಾನಿಕ್ ತಿಂದ್ರೆ ಕ್ಯಾನ್ಸರ್ 25% ಕಡಿಮೆ." ಈ ಸಾಲು ನಿಮ್ಮ ಫೀಡ್‌ಗೂ ಬಂದಿರಬಹುದು. ಸಂಖ್ಯೆ ಸುಳ್ಳಲ್ಲ. ಅದನ್ನ ತೋರಿಸಿ ಡಬಲ್ ರೇಟಿಗೆ ಟೊಮೆಟೊ ಮಾರೋದು ಮಾತ್ರ ಸರಿಯಲ್ಲ ಅನ್ನೋದು ನನ್ನ ವಾದ. ಪೂರ್ತಿ ಓದಿ, ಆಮೇಲೆ ಜಗಳ ಮಾಡಿ 😄

👉 ಸಂಖ್ಯೆ ಬಂದಿದ್ದು ಎಲ್ಲಿಂದ?

ಫ್ರಾನ್ಸ್‌ನ ನ್ಯೂಟ್ರಿನೆಟ್-ಸಾಂಟೆ ಅನ್ನೋ ಅಧ್ಯಯನದಿಂದ, 2018ರಲ್ಲಿ. 68,946 ಜನರಿಗೆ 16 ಬಗೆಯ ಆಹಾರದ ಪಟ್ಟಿ ಕೊಟ್ಟು, ಪ್ರತಿಯೊಂದನ್ನೂ ಸಾವಯವದ್ದೇ ತಿಂತೀರಾ ಅಂತ ಕೇಳಿದ್ರು. ಹೆಚ್ಚಿನ ಸಲ ಅಂದ್ರೆ 2 ಅಂಕ, ಆಗೊಮ್ಮೆ ಈಗೊಮ್ಮೆ ಅಂದ್ರೆ 1. ಒಟ್ಟು 32 ಅಂಕ. ಸರಾಸರಿ ನಾಲ್ಕೂವರೆ ವರ್ಷದಲ್ಲಿ 1,340 ಜನರಿಗೆ ಕ್ಯಾನ್ಸರ್ ಬಂತು. ಅತಿ ಹೆಚ್ಚು ಅಂಕದ ಗುಂಪಿನಲ್ಲಿ, ಅತಿ ಕಡಿಮೆ ಅಂಕದ ಗುಂಪಿಗಿಂತ ಅಪಾಯ 25% ಕಡಿಮೆ ಇತ್ತು.

ಈಗ ನಾವು ಕಾಮರ್ಸ್‌ನವರು ಕೇಳಬೇಕಾದ ಪ್ರಶ್ನೆ: ಯಾವುದರ 25%? ಸಾವಿರ ರೂಪಾಯಿ ಶೂ ಮೇಲೆ 25% ಆಫ್ ಅಂದ್ರೆ 250 ರೂಪಾಯಿ ಉಳಿತಾಯ, 20 ರೂಪಾಯಿ ಪೆನ್ ಮೇಲೆ ಬರೀ 5. ಇಲ್ಲಿ ಅಷ್ಟು ವರ್ಷದಲ್ಲಿ ಕ್ಯಾನ್ಸರ್ ಬಂದವರೇ ನೂರಕ್ಕೆ ಸುಮಾರು ಇಬ್ಬರು. ಹಾಗಾಗಿ ನಿಜವಾದ ವ್ಯತ್ಯಾಸ 0.6%, ಅಂದ್ರೆ ಸಾವಿರ ಜನರಲ್ಲಿ ಆರು ಜನ. ಸಣ್ಣದು ಅಂತ ತಳ್ಳಿಹಾಕ್ತಿಲ್ಲ. ಆದ್ರೆ ಪೋಸ್ಟರ್‌ನಲ್ಲಿ "25%" ಅಂತ ಮಾತ್ರ ಯಾಕೆ ಇರುತ್ತೆ ಅಂತ ಈಗ ಗೊತ್ತಾಯ್ತಲ್ಲ.

👉 ಆ ಆರು ಜನ ಉಳಿದಿದ್ದು ಸಾವಯವದಿಂದಲೇನಾ?

ಅದೇ ತೊಡಕು. ಹೆಚ್ಚು ಅಂಕ ತಗೊಂಡವರು ಹೆಚ್ಚು ಓದಿದವರು, ಒಳ್ಳೆ ಕೆಲಸದಲ್ಲಿದ್ದವರು, ಜಾಸ್ತಿ ವ್ಯಾಯಾಮ ಮಾಡೋರು, ತರಕಾರಿ-ಹಣ್ಣು ಜಾಸ್ತಿ ತಿನ್ನೋರು. ಸಂಶೋಧಕರು ಇದನ್ನೆಲ್ಲ ಲೆಕ್ಕದಲ್ಲಿ ಸರಿದೂಗಿಸಿದ್ರು. ಆದ್ರೆ ಅಳೆಯದೇ ಇರೋದನ್ನ ಸರಿದೂಗಿಸೋಕೆ ಯಾರಿಗೂ ಆಗಲ್ಲ.

ಹಾಗಾದ್ರೆ ಬೇರೆ ಕಡೆಯೂ ಇದೇ ಉತ್ತರ ಬಂತಾ? ಬ್ರಿಟನ್‌ನಲ್ಲಿ 6 ಲಕ್ಷಕ್ಕೂ ಹೆಚ್ಚು ಮಹಿಳೆಯರನ್ನ ಒಂಬತ್ತು ವರ್ಷದಷ್ಟು ಕಾಲ ಗಮನಿಸಿದ ಅಧ್ಯಯನ 2014ರಲ್ಲಿ ಬಂತು. ಯಾವಾಗಲೂ ಸಾವಯವ ತಿನ್ನೋರಿಗೂ, ಯಾವತ್ತೂ ತಿನ್ನದವರಿಗೂ ಒಟ್ಟು ಕ್ಯಾನ್ಸರ್‌ನಲ್ಲಿ ವ್ಯತ್ಯಾಸ ಸಿಗಲಿಲ್ಲ. ಅದನ್ನ ಯಾರೂ ಪೋಸ್ಟರ್ ಮಾಡಲಿಲ್ಲ. ಅದೂ ಪರಿಪೂರ್ಣ ಅಲ್ಲ, ಪಟ್ಟಿ ಕೊಡದೆ ಒಟ್ಟಾರೆ ಎಷ್ಟು ಸಲ ತಿಂತೀರಾ ಅಂತಷ್ಟೇ ಕೇಳಿದ್ರು. ಎರಡು ದೊಡ್ಡ ಅಧ್ಯಯನ ಎರಡು ಮಾತು ಹೇಳಿದಾಗ, ಇಷ್ಟವಾದ ಒಂದನ್ನ ಎತ್ತಿಕೊಂಡು ಮಾರೋದು ವಿಜ್ಞಾನ ಅಲ್ಲ, ಮಾರ್ಕೆಟಿಂಗ್.

👉 ಹಾಗಾದ್ರೆ ಸಾವಯವ ಬರೀ ಮೋಸನಾ?

ಖಂಡಿತ ಅಲ್ಲ. ಕೀಟನಾಶಕದ ಉಳಿಕೆ ಕಡಿಮೆ ಅನ್ನೋದು ಗಟ್ಟಿ ಮಾತು. ಅಮೆರಿಕದಲ್ಲಿ 23 ಮಕ್ಕಳಿಗೆ ಐದು ದಿನ ಸಾವಯವ ಊಟ ಕೊಟ್ಟಾಗ, ಮೂತ್ರದಲ್ಲಿದ್ದ ಮೆಲಾಥಿಯಾನ್ ಮತ್ತು ಕ್ಲೋರ್‌ಪೈರಿಫಾಸ್ ಗುರುತು ಪರೀಕ್ಷೆಗೂ ಸಿಗದಷ್ಟು ಇಳಿದುಹೋಯ್ತು. ಮಾಮೂಲಿ ಊಟಕ್ಕೆ ಮರಳಿದ ಮೇಲೆ ಮತ್ತೆ ಬಂತು. ಆದ್ರೆ ಇಲ್ಲಿ ಅಳೆದಿದ್ದು ದೇಹಕ್ಕೆ ಹೋದ ರಾಸಾಯನಿಕವನ್ನ, ಕಾಯಿಲೆಯನ್ನಲ್ಲ. ಇನ್ನು ಆ ವಿಷ ಎಲ್ಲರಿಗಿಂತ ಜಾಸ್ತಿ ತಾಗೋದು ಹೊಲದಲ್ಲಿ ಔಷಧಿ ಹೊಡೆಯೋರಿಗೆ. ನನ್ನ ಪ್ರಕಾರ ಸಾವಯವ ಕೊಳ್ಳೋಕೆ ಅದೇ ಹೆಚ್ಚು ಪ್ರಾಮಾಣಿಕ ಕಾರಣ.

ಪೌಷ್ಟಿಕಾಂಶ? ಕೆಲವು ಆ್ಯಂಟಿಆಕ್ಸಿಡೆಂಟ್‌ಗಳು ಜಾಸ್ತಿ ಅಂತ 2014ರ ಒಂದು ದೊಡ್ಡ ವಿಶ್ಲೇಷಣೆ ಹೇಳ್ತು. ವಿಟಮಿನ್‌ಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ ಅಂತ 2012ರಲ್ಲೇ ಸ್ಟ್ಯಾನ್‌ಫರ್ಡ್‌ನವರು ಹೇಳಿದ್ರು. ಸೊಪ್ಪು ಹೊರಗಡೆ ಎರಡು ದಿನ ಬಾಡಿದ್ರೆ, ಸಾವಯವವಾದ್ರೂ ವಿಟಮಿನ್ ಸಿ ಹೋಗೇ ಹೋಗುತ್ತೆ.

👉 ಈಗ ಮನೆ ಲೆಕ್ಕ

ವಾರಕ್ಕೆ ತರಕಾರಿಗೆ 500 ರೂಪಾಯಿ, ಮನೇಲಿ ನಾಲ್ಕು ಜನ ಅಂದ್ಕೊಳ್ಳಿ. ಮಾಮೂಲಿ ಕೆಜಿಗೆ 50, ಸಾವಯವ 100. ಸಂತೆಯಲ್ಲಿ 10 ಕೆಜಿ ಬರುತ್ತೆ, ಒಬ್ಬರಿಗೆ ದಿನಕ್ಕೆ ಸುಮಾರು 357 ಗ್ರಾಂ. ಸಾವಯವ ಅಂದ್ರೆ 5 ಕೆಜಿ, ಒಬ್ಬರಿಗೆ ಸುಮಾರು 179 ಗ್ರಾಂ. ಹಣ್ಣು-ತರಕಾರಿ ಸೇರಿ ದಿನಕ್ಕೆ ಕನಿಷ್ಠ 400 ಗ್ರಾಂ ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಸಾಬೀತಾಗದ ಲಾಭಕ್ಕೋಸ್ಕರ, ಒಳ್ಳೇದು ಅಂತ ಚೆನ್ನಾಗಿ ಗೊತ್ತಿರೋ ತರಕಾರಿಯನ್ನೇ ಅರ್ಧ ಮಾಡಿದ ಹಾಗಾಯ್ತು.

ದುಡ್ಡಿದ್ರೆ ಸಾವಯವ ತಗೊಳ್ಳಿ, ತಟ್ಟೆಯಲ್ಲಿ ತರಕಾರಿ ಕಮ್ಮಿ ಆಗದಿದ್ರೆ ಸಾಕು. ಇಲ್ಲದಿದ್ರೆ ಸಂತೆಯ ತಾಜಾ ತರಕಾರಿ ತಂದು, ಹರಿಯೋ ನೀರಲ್ಲಿ ಉಜ್ಜಿ ತೊಳೆದು ತಿನ್ನಿ. ಆದ್ರೆ ಸಂತೆಯಿಂದ ಚೀಲ ತುಂಬಿ ತರೋ ಅಮ್ಮನಿಗೆ ಆ ಪೋಸ್ಟರ್ ತೋರಿಸಿ "ವಿಷ ತಿನ್ನಿಸ್ತಿದ್ದೀಯ" ಅಂತ ಮಾತ್ರ ಅನ್ನಬೇಡಿ.

ನಿಮ್ಮ ಏರಿಯಾದಲ್ಲಿ ಎರಡರ ರೇಟ್ ಎಷ್ಟಿದೆ? ಕಾಮೆಂಟ್ ಹಾಕಿ, ನಿಮ್ಮ ಮನೆಯ ಗ್ರಾಂ ಲೆಕ್ಕ ಒಟ್ಟಿಗೆ ಮಾಡೋಣ 👇

#ಲೆಕ್ಕಹಾಕಿಮಾತಾಡಿ #ಸಾವಯವ #ತರಕಾರಿ #ಕನ್ನಡ